ರಾತ್ರಿ ಕಂಬಳಿ ನಾದುವ ಬೆಕ್ಕು

ಇದು ಶಿಡ್ಲಘಟ್ಟದ ಕಡೆಯ ಒಂದು ಮನೆಯ ಪ್ರಕರಣ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಗುರುತುಗಳನ್ನು ಬದಲಿಸಿದ್ದೇನೆ. ಸಾಕುಪ್ರಾಣಿಗಳ ನಡವಳಿಕೆ ಬಗ್ಗೆ ಸಲಹೆ ಕೇಳಿ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರಿಗೆ ಪ್ರಾಣಿಯ ಮೇಲೆ ದೂರು ಇರುತ್ತದೆ. ಸರೋಜಮ್ಮ ಬಂದದ್ದು ತಮ್ಮ ಮೇಲೇ ದೂರು ಹೊತ್ತುಕೊಂಡು.

ಅವರಿಗೆ ಐವತ್ತೆಂಟು ವರ್ಷ. ಮನೆಯ ಹಿಂದೆ ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ ಇದೆ. ಅವರ ಬೆಕ್ಕು ಚಿನ್ನಿಗೆ ನಾಲ್ಕು ವರ್ಷ. ದಿನಾ ರಾತ್ರಿ ದೀಪ ಆರಿಸಿದ ಮೇಲೆ ಅದು ಹಾಸಿಗೆ ಹತ್ತುತ್ತದೆ. ಮುಂಗಾಲುಗಳಿಂದ ಕಂಬಳಿಯನ್ನು ಅರ್ಧ ಗಂಟೆ ನಾದುತ್ತದೆ. ಬೆಂಗಳೂರಿನಲ್ಲಿರುವ ಮಗ ಇದನ್ನು ನೋಡಿ, "ತಾಯಿಯಿಂದ ಬೇಗ ಬಿಡಿಸಿದ್ದಕ್ಕೆ ಅದಕ್ಕೆ ಮಾನಸಿಕ ತೊಂದರೆ ಆಗಿದೆ" ಎಂದಿದ್ದ. ಅಂದಿನಿಂದ ಇವರಿಗೆ ನಿದ್ದೆ ಇಲ್ಲ.

"ಇಪ್ಪತ್ತೈದು ದಿನದ ಮರಿ ಮೇಡಂ. ಮೊಮ್ಮಗ ಹಟ ಹಿಡಿದ ಅಂತ ಪಕ್ಕದ ಬೀದಿಯಿಂದ ತಂದುಬಿಟ್ವಿ. ತಾಯಿ ಬೆಕ್ಕು ಎರಡು ದಿನ ನಮ್ಮ ಹಿತ್ತಲಲ್ಲಿ ಕೂಗಿಕೊಂಡು ಓಡಾಡ್ತು. ಈಗ ಇದು ಕಂಬಳಿ ನಾದೋದು ನೋಡಿದ್ರೆ ಆ ಕೂಗೇ ಕೇಳಿಸುತ್ತೆ."

ಮೊದಲು ವಿಡಿಯೋ ನೋಡಿದೆ. ಚಿನ್ನಿ ಎಡಗಾಲು, ಬಲಗಾಲು ಎಂದು ಒಂದಾದ ಮೇಲೆ ಒಂದು ಒತ್ತುತ್ತಿತ್ತು. ಒತ್ತುವಾಗ ಬೆರಳು ಅಗಲ, ಎತ್ತುವಾಗ ಮುದುಡು. ಉಗುರು ಕಂಬಳಿಯ ಎಳೆಗೆ ಸಿಕ್ಕಿ ಬಿಡಿಸಿಕೊಳ್ಳುವಾಗ ಟಕ್ ಟಕ್ ಅನ್ನುವ ಸಣ್ಣ ಸದ್ದು. ಕಣ್ಣು ಅರೆಮುಚ್ಚಿದೆ, ಗಂಟಲಿನಿಂದ ಗುರ್ ಅನ್ನುವ ಸದ್ದು ಬರುತ್ತಿದೆ, ಗದ್ದದ ಹತ್ತಿರ ಜೊಲ್ಲು.

"ನೀವು ಹಸು ಕಟ್ಟಿದ್ರಾ ಅಮ್ಮಾ?" ಎಂದು ಕೇಳಿದೆ. ಕಟ್ಟಿದ್ದರು. "ಕರು ಹಾಲು ಕುಡಿಯೋವಾಗ ಕೆಚ್ಚಲಿಗೆ ಯಾಕೆ ಗುದ್ದುತ್ತೆ?" ಎಂದೆ. ತಡವಿಲ್ಲದೆ ಉತ್ತರ ಬಂತು: "ಹಾಲು ಇಳೀಲಿ ಅಂತ."

ಬೆಕ್ಕಿನ ಮರಿಯ ಲೆಕ್ಕವೂ ಅದೇ. ಹುಟ್ಟಿದಾಗ ಅದಕ್ಕೆ ಕಣ್ಣು ತೆರೆದಿರುವುದಿಲ್ಲ. ವಾಸನೆ ಮತ್ತು ಬಿಸಿ ಹಿಡಿದು ತಾಯಿಯ ಹೊಟ್ಟೆ ಹುಡುಕುತ್ತದೆ. ಮೊದಲ ಕೆಲವು ದಿನಗಳಲ್ಲೇ ಎಷ್ಟೋ ಮರಿಗಳು ತಮ್ಮದೇ ಒಂದು ಮೊಲೆಯನ್ನು ಗುರುತಿಟ್ಟುಕೊಳ್ಳುತ್ತವೆ. ಬಾಯಿಂದ ಚೀಪುತ್ತಾ ಮುಂಗಾಲಿನಿಂದ ಮೊಲೆಯ ಸುತ್ತ ಒತ್ತುತ್ತವೆ. ಚೀಪುವುದು, ಒತ್ತುವುದು ಎರಡೂ ಸೇರಿ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುವ ಹಾಗೆ ಮಾಡುತ್ತವೆ, ಹಾಲು ಇಳಿಯುತ್ತದೆ. ಬಿಸಿ, ಮೆತ್ತಗಿನ ಹೊಟ್ಟೆ, ಹಾಲು, ಭಯವಿಲ್ಲದ ಜಾಗ, ಇವೆಲ್ಲ ಮರಿಯ ಮೈಗೆ ಆ ಕಾಲಿನ ಚಲನೆಯ ಜೊತೆಗೇ ಸಿಗುತ್ತವೆ. ದೊಡ್ಡದಾದ ಮೇಲೆ ಹಾಲು ಹೋಗುತ್ತದೆ, ಚಲನೆ ಉಳಿಯುತ್ತದೆ. ಬೆಚ್ಚಗಿನ ಮೆತ್ತನೆ ಜಾಗ ಸಿಕ್ಕಿ ಮೈ ಸಡಿಲವಾದರೆ ಕಾಲು ತಾನಾಗಿ ನಾದಲು ಶುರು ಮಾಡುತ್ತದೆ. ಬೆಕ್ಕಿನ ಬೆರಳುಗಳ ಸಂದಿಯಲ್ಲಿ ವಾಸನೆಯ ಗ್ರಂಥಿಗಳೂ ಇವೆ. ಹಾಗಾಗಿ ನಾದಿದ ಬಟ್ಟೆಗೆ ಅದರದ್ದೇ ವಾಸನೆ ಅಂಟುತ್ತದೆ.

"ಹಾಗಾದ್ರೆ ಅದಕ್ಕೆ ಅಮ್ಮನ ನೆನಪು ಬರುತ್ತಾ?" ಎಂದು ಕೇಳಿದರು.

ಅದರ ಮನಸ್ಸಿನಲ್ಲಿ ತಾಯಿಯ ಚಿತ್ರ ಇದೆ ಎಂದು ನಾನು ಹೇಳಲಾರೆ. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಿದೆ. ಮೂರು ತಿಂಗಳು ತಾಯಿಯ ಜೊತೆಗೇ ಬೆಳೆದ ಬೆಕ್ಕುಗಳೂ ಹೀಗೇ ನಾದುತ್ತವೆ. ಬರೀ ನಾದುವುದನ್ನು ನೋಡಿ ಇದು ಬೇಗ ತಾಯಿ ಬಿಟ್ಟ ಮರಿ ಎಂದು ಹೇಳಲು ಬರುವುದಿಲ್ಲ. ನಿಮ್ಮ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ನಾದುತ್ತಿದೆ ಎಂದರೆ ಅಲ್ಲಿ ಅದಕ್ಕೆ ಹೆದರಿಕೆ ಇಲ್ಲ ಎಂದರ್ಥ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ಚಿಂತೆ ಬೇರೆ ಕಡೆ ಇತ್ತು. ವಿಡಿಯೋದ ಕೊನೆಯಲ್ಲಿ ಚಿನ್ನಿ ಕಂಬಳಿಯ ಮೂಲೆಯನ್ನು ಬಾಯಿಗೆ ಹಾಕಿಕೊಂಡಿತ್ತು. ಮುಂದಿನ ಸಲ ಕಂಬಳಿ ತರಲು ಹೇಳಿದೆ. ಮೂಲೆಯಲ್ಲಿ ಉಣ್ಣೆ ಜೊಲ್ಲಿಗೆ ಗಂಟುಗಂಟಾಗಿತ್ತು. ಪಕ್ಕದಲ್ಲೇ ಎರಡು ಬೆರಳು ತೂರುವಷ್ಟು ತೂತು. ಆ ಉಣ್ಣೆ ಎಲ್ಲಿ ಹೋಯಿತು ಎಂದು ಕೇಳಿದಾಗ ಅವರು ಯೋಚಿಸಿ ಹೇಳಿದರು, ಎರಡು ಸಲ ಅದರ ಹೇಲಿನಲ್ಲಿ ಕರಿ ಎಳೆ ಕಂಡಿತ್ತಂತೆ.

ನಾದುವುದು ಬೇರೆ, ಬಟ್ಟೆ ಚೀಪುವುದು ಬೇರೆ, ನುಂಗುವುದು ಇನ್ನೂ ಬೇರೆ. ಬೇಗ ತಾಯಿ ಬಿಡಿಸಿದ್ದರ ಗುರುತು ಇದ್ದರೆ ಅದು ಚೀಪುವುದರಲ್ಲಿ ಇರಬಹುದು. 2017ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಐದು ಸಾವಿರಕ್ಕೂ ಜಾಸ್ತಿ ಬೆಕ್ಕುಗಳ ಬಗ್ಗೆ ಸಾಕಿದವರಿಂದ ಮಾಹಿತಿ ಪಡೆದು ಒಂದು ಅಧ್ಯಯನ ಪ್ರಕಟಿಸಿದರು. ಎಂಟು ವಾರಕ್ಕೆ ಮೊದಲೇ ತಾಯಿ ಬಿಟ್ಟವುಗಳಲ್ಲಿ ಸಿಟ್ಟು ಜಾಸ್ತಿ ಕಂಡಿತು. ಹದಿನಾಲ್ಕು ವಾರ ದಾಟಿ ಬಿಟ್ಟವುಗಳಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಚಾಳಿ ಕಡಿಮೆ ಇತ್ತು. ಆದರೆ ತಳಿಯ ಪಾತ್ರವೂ ಇದೆ. ಸಯಾಮಿ ಜಾತಿಯ ಬೆಕ್ಕುಗಳು ಉಣ್ಣೆ ಚೀಪುವುದಕ್ಕೆ ಮೊದಲಿಂದಲೂ ಹೆಸರಾದವು. ಆದ್ದರಿಂದ ಚಿನ್ನಿಯ ಚಾಳಿಗೆ ಆ ಇಪ್ಪತ್ತೈದು ದಿನವೇ ಕಾರಣ ಎಂದು ಅವರ ಮೇಲೆ ತೀರ್ಪು ಕೊಡಲು ನಾನು ಒಪ್ಪಲಿಲ್ಲ.

ನುಂಗುವುದು ಮಾತ್ರ ನಿಜವಾದ ಅಪಾಯ, ಅದರಲ್ಲೂ ಅವರ ಮನೆಯಲ್ಲಿ. ಹಿತ್ತಲಲ್ಲಿ ರೇಷ್ಮೆ ಎಳೆ ಬಿದ್ದಿರುತ್ತದೆ. ಬೆಕ್ಕು ಉದ್ದನೆಯ ದಾರ ನುಂಗಿದರೆ ಅದರ ಒಂದು ತುದಿ ನಾಲಿಗೆಯ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಳ್ಳಬಹುದು. ಕರುಳು ಅದರ ಮೇಲೆ ನೆರಿಗೆಯಂತೆ ಮುದುಡಿಕೊಳ್ಳುತ್ತದೆ, ದಾರ ಕರುಳನ್ನೇ ಕೊಯ್ಯಬಹುದು. ಪದೇ ಪದೇ ವಾಂತಿ, ಊಟ ಬಿಡುವುದು, ಮಂಕಾಗಿ ಮೂಲೆ ಸೇರುವುದು ಕಂಡರೆ ಅವತ್ತೇ ಪಶುವೈದ್ಯರ ಹತ್ತಿರ ಹೋಗಬೇಕು. ಬಾಯಲ್ಲೋ ಹಿಂಭಾಗದಲ್ಲೋ ದಾರ ಕಂಡರೆ ಎಳೆಯಲೇಬಾರದು. ಇದನ್ನು ಸರೋಜಮ್ಮನಿಂದ ಎರಡು ಸಲ ಹೇಳಿಸಿದೆ. ಪಶುವೈದ್ಯರು ಚಿನ್ನಿಯ ಹೊಟ್ಟೆ ಪರೀಕ್ಷಿಸಿ, ಸದ್ಯಕ್ಕೆ ತೊಂದರೆ ಇಲ್ಲ ಎಂದರು. ಸಂತಾನಹರಣ ಆಗಿದೆಯಾ ಎಂದೂ ಕೇಳಿದ್ದೆ, ಏಕೆಂದರೆ ಬೆದೆಗೆ ಬಂದ ಹೆಣ್ಣು ಬೆಕ್ಕು ಕೂಡ ಕಾಲು ತುಳಿಯುತ್ತದೆ. ಆಗಿತ್ತು.

ಆಮೇಲೆ ಸಲಹೆ. ನಾದುವುದನ್ನು ನಿಲ್ಲಿಸಬೇಡಿ, ಬೈಯಬೇಡಿ. ಬೈದರೆ ಅದಕ್ಕೆ ಅರ್ಥವಾಗುವುದು ಈ ಹಾಸಿಗೆಯಲ್ಲಿ ಹೆದರಿಕೆ ಇದೆ ಎಂಬುದಷ್ಟೇ. ಕಂಬಳಿಯನ್ನು ಒಂದೇ ದಿನ ಕಿತ್ತುಕೊಳ್ಳುವ ಬದಲು ಅದರ ಪಕ್ಕ ಒತ್ತಾಗಿ ನೇಯ್ದ ದಪ್ಪ ಹತ್ತಿ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಇಡಿ. ಒಂದು ವಾರ ಅದರ ವಾಸನೆ ಅಂಟಲಿ. ಆ ವಾರ ನೀವು ಹತ್ತಿರ ಇದ್ದಾಗ ಮಾತ್ರ ಕಂಬಳಿ ಹಾಸಿ, ಆಮೇಲೆ ಅದು ಪೆಟ್ಟಿಗೆಗೆ ಹೋಗಲಿ. ಮಲಗುವ ಮುಂಚೆ ಹತ್ತು ನಿಮಿಷ ಕೋಲಿಗೆ ಕಟ್ಟಿದ ಗರಿಯ ಹಿಂದೆ ಓಡಿಸಿ, ಕೊನೆ ಊಟ ಆಗ ಹಾಕಿ, ಕೋಲನ್ನು ಎತ್ತಿಡಿ. ಬಾಯಿ ಬಟ್ಟೆಗೆ ಹೋದರೆ ಮಾತಾಡದೆ ಬಟ್ಟೆ ಸರಿಸಿ. ಹಿತ್ತಲಿನ ಬಾಗಿಲು ಮುಚ್ಚಿರಲಿ.

ಯಜಮಾನರಿಗೆ ಇನ್ನೊಂದು ಕಷ್ಟ ಇತ್ತು. ಚಿನ್ನಿ ಅವರ ಹೊಟ್ಟೆಯನ್ನೂ ನಾದುತ್ತಿತ್ತು, ಪರಚಿದ ಗೀರುಗಳಿದ್ದವು. ಎರಡು ಮೂರು ವಾರಕ್ಕೊಮ್ಮೆ ಉಗುರಿನ ಚೂಪು ತುದಿಯನ್ನಷ್ಟೇ ಕತ್ತರಿಸಲು ತೋರಿಸಿಕೊಟ್ಟೆ. ಒಳಗೆ ಕಾಣುವ ಗುಲಾಬಿ ಭಾಗಕ್ಕೆ ಕತ್ತರಿ ತಾಗಿದರೆ ರಕ್ತ ಬರುತ್ತದೆ, ನೋವೂ ಆಗುತ್ತದೆ. ಬೆಕ್ಕು ಹತ್ತುವ ಮುಂಚೆ ಹೊಟ್ಟೆ ಮೇಲೆ ಮಡಿಸಿದ ಟವೆಲ್ ಹಾಕಿಕೊಳ್ಳಿ ಎಂದೆ.

ಆರು ವಾರದ ನಂತರ ಬಂದಾಗ ನುಂಗುವುದು ನಿಂತಿತ್ತು. ಚೀಪುವುದು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಹೋಗಲಿಕ್ಕಿಲ್ಲ ಎಂದೂ ಹೇಳಿದೆ. ನಾದುವುದು ಹಾಗೇ ಇದೆ, ಈಗ ಬೆಡ್‌ಶೀಟಿನ ಮೇಲೆ.

ಎದ್ದು ಹೋಗುವಾಗ ಸರೋಜಮ್ಮ ಇನ್ನೊಂದು ಸುದ್ದಿ ಹೇಳಿದರು. ಬೀದಿ ಬೆಕ್ಕೊಂದು ಅವರ ಸೌದೆ ಕೊಟ್ಟಿಗೆಯಲ್ಲಿ ನಾಲ್ಕು ಮರಿ ಹಾಕಿದೆಯಂತೆ. ಎದುರು ಮನೆಯವರು ಒಂದು ಕೊಡಿ ಎಂದು ಕೇಳಿದ್ದಾರಂತೆ. "ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದೀನಿ ಮೇಡಂ. ಮೂರು ತಿಂಗಳು ಆಗ್ಲಿ, ಆಮೇಲೆ ಬನ್ನಿ ಅಂದೆ."