ಕರೆತಂದವರಿಗೆ ಕೊಡುವ ಹಣ ಮತ್ತು ಒಂದೇ ಊರಿನ ಲೈನ್: ಗಾರ್ಮೆಂಟ್ಸ್ ಘಟಕದ ಅನುಭವ

ಪ್ರಶ್ನೆ: ದಾವಣಗೆರೆಯ ಹೊರವಲಯದ ಒಂದು ಗಾರ್ಮೆಂಟ್ಸ್ ಘಟಕದಲ್ಲಿ ಎಚ್.ಆರ್. ಆಗಿದ್ದೇನೆ, ಸುಮಾರು 300 ಜನ ಇದ್ದಾರೆ. ಕೆಲಸಗಾರರು ಹೊಸಬರನ್ನು ಕರೆತಂದರೆ ಹಣ ಕೊಡುವ ಯೋಜನೆ ಮಾಡಲು ಮಾಲೀಕರು ಹೇಳಿದ್ದಾರೆ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು? ಒಂದೇ ಕಡೆಯವರೇ ತುಂಬಿಕೊಳ್ಳದಂತೆ ನೋಡಿಕೊಳ್ಳುವುದು ಹೇಗೆ?

ಉತ್ತರ:

ನಿಮ್ಮದೇ ಗಾತ್ರದ ಘಟಕವೊಂದರಲ್ಲಿ ಇದೇ ಯೋಜನೆಯನ್ನು ಮೊದಲು ತಪ್ಪಾಗಿ ನಡೆಸಿ, ಆಮೇಲೆ ಬದಲಾಯಿಸಿದವರಲ್ಲಿ ನಾನೂ ಒಬ್ಬ. ಮೊದಲಿನ ನಿಯಮ ತೀರಾ ಸರಳವಾಗಿತ್ತು. ಹೊಸಬರು ಸೇರಿದ ದಿನವೇ ಕರೆತಂದವರ ಹೆಸರಿಗೆ 1,500 ರೂಪಾಯಿ ಬರೆದುಕೊಂಡು, ಮುಂದಿನ ಸಂಬಳದಲ್ಲಿ ಸೇರಿಸಿ ಕೊಡುತ್ತಿದ್ದೆವು. ಎಂಟು ತಿಂಗಳಲ್ಲಿ 74 ಜನ ಸೇರಿದರು, ಅವರಲ್ಲಿ 61 ಮಂದಿ ಯಾರಾದರೊಬ್ಬರ ಮೂಲಕ ಬಂದವರು. ಖಾಲಿ ಮಷಿನ್‌ಗಳು ತುಂಬಿದವೆಂದು ಎಲ್ಲರಿಗೂ ಸಮಾಧಾನವಾಗಿತ್ತು.

ತೊಂದರೆ ಗೊತ್ತಾದದ್ದು ಒಂದು ಊರಹಬ್ಬದ ದಿನ. ಮೂರನೇ ಲೈನಿನ 42 ಜನರಲ್ಲಿ 19 ಮಂದಿ ಬರಲಿಲ್ಲ. ಎಲ್ಲರೂ ಜಗಳೂರು ರಸ್ತೆಯ ಒಂದೇ ಹಳ್ಳಿಯವರು, ಅಂದು ಅವರ ಊರ ಜಾತ್ರೆ. ಕಾಲರ್ ಹಾಕುವ ಆರು ಜನರಲ್ಲಿ ಐವರು ಅದೇ ಊರಿನವರಾಗಿದ್ದರಿಂದ, ಕಫ್ ಮತ್ತು ಬಾಡಿಯ ಬಂಡಲ್‌ಗಳು ಸಿದ್ಧವಾಗಿ ರಾಶಿ ಬಿದ್ದಿದ್ದರೂ ಸಂಜೆಯವರೆಗೆ ಆ ಲೈನಿನಿಂದ ಒಂದು ಶರ್ಟೂ ಪೂರ್ತಿಯಾಗಿ ಹೊರಬರಲಿಲ್ಲ. ಜಾತ್ರೆಗೆ ಹೋದವರದು ತಪ್ಪಲ್ಲ. ಒಂದೇ ಊರಿನವರಿಂದ ಲೈನನ್ನು ತುಂಬಿಸಿದ್ದ ನಮ್ಮ ನಿಯಮದ್ದೇ ತಪ್ಪು.

ಆ ವಾರ ನಾನು 61 ಹೆಸರುಗಳ ಮುಂದೆ ಕರೆತಂದವರ ಹೆಸರನ್ನು ಬರೆದು ನೋಡಿದೆ. ಎಲ್ಲರೂ ತಮ್ಮ ತಮ್ಮವರನ್ನು ಕರೆತಂದಿರುತ್ತಾರೆ, ಅದಕ್ಕೇ ಹೀಗಾಗಿದೆ ಎಂದು ನಾನು ತಿಳಿದಿದ್ದೆ. ಪಟ್ಟಿ ಹೇಳಿದ್ದು ಬೇರೆ. 61ರಲ್ಲಿ 34 ಜನರನ್ನು ಕರೆತಂದವರು ಕೇವಲ ಐದು ಮಂದಿ. ಉಳಿದ ಇನ್ನೂರೈವತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಬಹುತೇಕರು ಯಾರನ್ನೂ ಕರೆತಂದಿರಲಿಲ್ಲ.

ಇಲ್ಲೊಂದು ಸಣ್ಣ ಲೆಕ್ಕವಿದೆ, ಯೋಜನೆಯ ಅರ್ಧ ಭಾಗ ಅದರಲ್ಲೇ ಅಡಗಿದೆ. ನೂರು ಜನರಲ್ಲಿ 70 ಮಂದಿ ಒಂದು ಕಡೆಯವರು, 30 ಮಂದಿ ಬೇರೆ ಬೇರೆ ಕಡೆಯವರು ಎಂದಿಟ್ಟುಕೊಳ್ಳಿ. ಮೊದಲಿನವರು ಕರೆತರುವ ಹತ್ತರಲ್ಲಿ ಒಂಬತ್ತು ಜನ ತಮ್ಮ ಕಡೆಯವರೇ. ಎರಡನೆಯವರು ಕರೆತರುವ ಹತ್ತರಲ್ಲಿ ಮೂವರು ಆ ಮೊದಲ ಕಡೆಯವರು. ಪ್ರತಿಯೊಬ್ಬರೂ ಒಬ್ಬೊಬ್ಬರನ್ನು ಕರೆತಂದರೆ, ಬರುವ ನೂರು ಜನರಲ್ಲಿ ಮೊದಲ ಕಡೆಯವರು 63 ಮತ್ತು 9, ಒಟ್ಟು 72. ಅಂದರೆ ಇದ್ದ ಪ್ರಮಾಣ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆದರೆ ಮೊದಲ ಕಡೆಯವರು ತಲಾ ಇಬ್ಬರನ್ನು, ಉಳಿದವರು ಒಬ್ಬೊಬ್ಬರನ್ನೇ ಕರೆತಂದರೆ, ಬರುವ 170 ಜನರಲ್ಲಿ ಅವರ ಕಡೆಯವರು 135 ಆಗುತ್ತಾರೆ, ನೂರಕ್ಕೆ ಸುಮಾರು 79. ಜನ ತಮ್ಮವರನ್ನು ಕರೆತರುವುದಕ್ಕಿಂತ, ಕೆಲವರು ಮಾತ್ರ ಪದೇ ಪದೇ ಕರೆತರುವುದೇ ಪ್ರಮಾಣವನ್ನು ಕೆಡಿಸುತ್ತದೆ. ಆದ್ದರಿಂದ ಬಂದವರು ಯಾರು ಎಂಬುದಕ್ಕಿಂತ ಮೊದಲು, ಕರೆತರುತ್ತಿರುವವರು ಯಾರು ಎಂಬುದನ್ನು ನೋಡಿ.

ಇದಕ್ಕೆ ನಾವು ಎರಡು ಕೆಲಸ ಮಾಡಿದೆವು. ಒಬ್ಬರಿಗೆ ವರ್ಷಕ್ಕೆ ನಾಲ್ಕು ಹೆಸರುಗಳಿಗೆ ಮಾತ್ರ ಹಣ ಎಂದು ಮಿತಿ ಹಾಕಿದೆವು. ಐದನೆಯವರನ್ನು ಕರೆತರಬಹುದು, ಹಣವಿಲ್ಲ. ಇನ್ನೊಂದು, ಅದುವರೆಗೆ ಯಾರನ್ನೂ ಕರೆತಾರದವರನ್ನು ಊಟದ ಬಿಡುವಿನಲ್ಲಿ ಐದಾರು ಜನರಂತೆ ಕೂರಿಸಿಕೊಂಡು, ಯಾವ ಕೆಲಸ ಖಾಲಿ ಇದೆ, ಯಾವ ಮಷಿನ್, ಸಂಬಳ ಎಷ್ಟು ಎಂದು ಬಾಯಿಬಿಟ್ಟು ಹೇಳಿದೆವು. ಆಗ ಹೊರಬಂದ ಸಂಗತಿ ಮನಸ್ಸಿಗೆ ನಾಟುವಂಥದ್ದು: ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದ ಒಬ್ಬ ಚೆಕ್ಕರ್, "ಇದು ಸೂಪರ್‌ವೈಸರ್ ಕಡೆಯೋರಿಗೆ ಮಾತ್ರ ಅಂದ್ಕೊಂಡಿದ್ದೆ ಸಾರ್" ಎಂದರು. ನೋಟಿಸ್ ಬೋರ್ಡಿನ ಹಾಳೆ ಎಲ್ಲರಿಗಾಗಿ ಇತ್ತು, ಆದರೆ ಆ ಮಾತು ಅವರವರೆಗೆ ತಲುಪಿರಲಿಲ್ಲ.

ಕೇಳುವ ರೀತಿಯ ಬಗ್ಗೆ ಒಂದು ಅಧ್ಯಯನವನ್ನು ಇಲ್ಲಿ ಹೇಳಬೇಕು. ಲೋರಿ ಬೀಮನ್, ನಿಯಲ್ ಕೆಲೆಹರ್ ಮತ್ತು ಜೆರೆಮಿ ಮಗ್ರೂಡರ್ ಎಂಬ ಅರ್ಥಶಾಸ್ತ್ರಜ್ಞರು ಆಫ್ರಿಕಾದ ಮಲಾವಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾರನ್ನಾದರೂ ಸೂಚಿಸಿ ಎಂದಾಗ ಗಂಡಸರು ಹೆಂಗಸರ ಹೆಸರನ್ನು ಕಡಿಮೆ ಕೊಟ್ಟರು. ಒಬ್ಬ ಮಹಿಳೆಯನ್ನೇ ಸೂಚಿಸಿ ಎಂದು ನೇರವಾಗಿ ಕೇಳಿದಾಗ ಅರ್ಹ ಮಹಿಳೆಯರ ಹೆಸರು ಕೊಡಲು ಅವರಿಂದ ಸಾಧ್ಯವಾಯಿತು. ನಮ್ಮಲ್ಲಿ ಟೈಲರ್‌ಗಳು ಬಹುಪಾಲು ಹೆಂಗಸರು. ಕಟಿಂಗ್, ಮೆಕ್ಯಾನಿಕ್ ಮತ್ತು ಸೂಪರ್‌ವೈಸರ್ ಕೆಲಸಗಳಲ್ಲಿ ಗಂಡಸರೇ. ಆದ್ದರಿಂದ ಆ ಕೆಲಸಗಳಿಗೆ ಹೆಸರು ಕೇಳುವಾಗ, "ನಿಮಗೆ ಗೊತ್ತಿರುವ ಒಬ್ಬ ಹೆಣ್ಣುಮಗಳ ಹೆಸರನ್ನೂ ಹೇಳಿ" ಎಂದು ಕೇಳುವುದನ್ನು ರೂಢಿ ಮಾಡಿದೆವು. ಮಹಿಳೆಯರನ್ನು ಕರೆತಂದರೆ ಹೆಚ್ಚು ಹಣ ಎಂಬ ಸಲಹೆ ಬಂದಿತ್ತು, ನಾನು ಒಪ್ಪಲಿಲ್ಲ. ಹಾಗೆ ಬಂದವಳಿಗೆ ಲೈನಿನಲ್ಲಿ "ದುಡ್ಡಿಗಾಗಿ ತಂದವಳು" ಎಂಬ ಹೆಸರು ಅಂಟಿಕೊಂಡುಬಿಡುತ್ತದೆ.

ಇನ್ನು ಹಣದ ವಿಷಯ. ಬರೀ ಸೇರಿದ್ದಕ್ಕೇ ಪೂರ್ತಿ ಕೊಡುವುದು ಅತ್ಯಂತ ಕೆಟ್ಟ ಪದ್ಧತಿ. ನಮ್ಮಲ್ಲಿ ಕೆಲವರು ಇಪ್ಪತ್ತು ದಿನ ಬಂದು ಬಿಟ್ಟುಹೋದರು, ಹಣವನ್ನು ಅವರೂ ಕರೆತಂದವರೂ ಹಂಚಿಕೊಂಡಿದ್ದರು. ಈಗ ಒಟ್ಟು 3,000 ರೂಪಾಯಿ: 30 ದಿನವಾದಾಗ 500, 90 ದಿನವಾದಾಗ 1,000, 180 ದಿನವಾದಾಗ 1,500. ಹೆಲ್ಪರ್ ಕರೆತಂದರೂ ಮೆಕ್ಯಾನಿಕ್ ಕರೆತಂದರೂ ಇದೇ ಮೊತ್ತ, ಏಕೆಂದರೆ ಕರೆತರುವ ಶ್ರಮ ಒಂದೇ, ಮತ್ತು ಮೆಕ್ಯಾನಿಕ್‌ಗಳ ಪರಿಚಯ ಇರುವವರು ಸಾಮಾನ್ಯವಾಗಿ ಮೇಲಿನ ಹುದ್ದೆಯವರೇ. ಸೂಪರ್‌ವೈಸರ್, ಎಚ್.ಆರ್. ಮತ್ತು ಪರೀಕ್ಷೆ ನಡೆಸುವವರಿಗೆ ಹಣವಿಲ್ಲ. ಹಣವು ಸಂಬಳದ ಚೀಟಿಯಲ್ಲೇ ಪ್ರತ್ಯೇಕ ಸಾಲಾಗಿ ಬರಬೇಕು. ಅದು ಸಂಬಳದ ಆದಾಯಕ್ಕೆ ಸೇರುತ್ತದೆ, ತೆರಿಗೆ ಬೀಳುವವರಿಗೆ ಕಡಿತವೂ ಆಗುತ್ತದೆ ಎಂದು ಮೊದಲೇ ತಿಳಿಸಿ.

ಹೊಸಬರ ಉತ್ಪಾದನೆ ನೋಡಿ ಕರೆತಂದವರಿಗೆ ಹಣ ಕೊಡಬಹುದಲ್ಲ ಎಂದು ಮಾಲೀಕರು ಕೇಳುತ್ತಾರೆ. ಅದಕ್ಕೆ ಆಧಾರವಿಲ್ಲದೆ ಇಲ್ಲ. ಬೀಮನ್ ಮತ್ತು ಮಗ್ರೂಡರ್ ಕೋಲ್ಕತ್ತಾದಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಂದವರ ಸಾಮರ್ಥ್ಯ ನೋಡಿ ಹಣ ಎಂದಾಗ ಜನ ಬಂಧುಗಳನ್ನು ಬಿಟ್ಟು ಸಹೋದ್ಯೋಗಿಗಳನ್ನು ಹೆಚ್ಚು ಕರೆತಂದರು. ಆದರೆ ಉತ್ತಮರನ್ನು ಆರಿಸಿ ತರಲು ಸಾಧ್ಯವಾದದ್ದು ಸ್ವತಃ ಸಮರ್ಥರಾಗಿದ್ದವರಿಗೆ ಮಾತ್ರ. ಹೊಲಿಗೆ ಲೈನಿನಲ್ಲಿ ಇನ್ನೊಂದು ಅಪಾಯವಿದೆ: ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ಟಿನ ಜೊತೆಗೆ ಕರೆತಂದ ಅಕ್ಕನ ಒತ್ತಡವೂ ಹೊಸ ಹುಡುಗಿಯ ತಲೆಯ ಮೇಲೆ ಬೀಳುತ್ತದೆ. ಅವಳಿಗೆ ಲೈನಿನಲ್ಲಿ ಏನಾದರೂ ಕಿರುಕುಳವಾದರೆ, "ಆರು ತಿಂಗಳು ತಡ್ಕೋ" ಎಂಬ ಮಾತೇ ಮೊದಲು ಬರುತ್ತದೆ. ಹಾಗಾಗಿ ಉಳಿದ ದಿನಗಳ ಮೇಲೆ ಕೊಡುವುದೇ ಸಾಕು, ಅದೂ ಮೊತ್ತ ದೊಡ್ಡದಾಗಿರಬಾರದು. ಆರ್ಡರ್ ಕಡಿಮೆಯಾಗಿ ಕಂಪನಿಯೇ ಹೊಸಬರನ್ನು ಬಿಡಿಸಿದರೆ, ಅಥವಾ ದೂರು ನಿಜವೆಂದು ತಿಳಿದು ಅವರು ಬಿಟ್ಟರೆ, ಬಾಕಿ ಕಂತುಗಳನ್ನೂ ಕೊಡಿ. ಕೊಟ್ಟದ್ದನ್ನು ಯಾವ ಕಾರಣಕ್ಕೂ ಹಿಂಪಡೆಯಬೇಡಿ.

ಯಾರ ಪರಿಚಯವೂ ಇಲ್ಲದೆ ಗೇಟಿಗೆ ಬಂದು ಸೇರಿದವರಿಗೆ ಇದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆಯನ್ನು ನನಗೆ ಕೇಳಿದವರು ಒಬ್ಬ ಹೆಲ್ಪರ್, ಆಡಳಿತದವರಲ್ಲ. ಅಂದಿನಿಂದ 90 ದಿನ ಪೂರೈಸಿದ ಪ್ರತಿ ಹೊಸಬರಿಗೂ, ಹೇಗೇ ಬಂದಿರಲಿ, 1,000 ರೂಪಾಯಿ ಕೊಡುತ್ತಿದ್ದೇವೆ.

ಈಗ ಪರೀಕ್ಷೆಯ ಮಾತು. ನಮ್ಮ ಯೋಜನೆಗೆ ಅತಿ ಹೆಚ್ಚು ಹಾನಿಯಾದದ್ದು ಇಲ್ಲೇ, ಮತ್ತು ಅದು ಅಂಕಿಗಳಿಂದಲೇ ಸಿಕ್ಕಿಬಿತ್ತು. ಒಂದು ಅವಧಿಯಲ್ಲಿ ಪರಿಚಯದಿಂದ ಬಂದ 40 ಜನರಲ್ಲಿ 34 ಮಂದಿ ಮಷಿನ್ ಟೆಸ್ಟ್ ಪಾಸಾಗಿದ್ದರು; ತಾವಾಗಿ ಬಂದ 30ರಲ್ಲಿ 14 ಮಾತ್ರ. ಪರಿಚಯದವರೇ ಉತ್ತಮರು ಎಂದು ಇದನ್ನು ಓದಬಹುದಿತ್ತು. ಆದರೆ 90 ದಿನದ ನಂತರ ಮೊದಲಿನ 34ರಲ್ಲಿ ಉಳಿದವರು 21, ಎರಡನೆಯ 14ರಲ್ಲಿ ಉಳಿದವರು 10. ಅಂದರೆ ನೂರಕ್ಕೆ ಸುಮಾರು 62 ಮತ್ತು 71. ನಿಜವಾಗಿ ಪರಿಚಯದವರೇ ಉತ್ತಮರಾಗಿದ್ದರೆ ಅವರಲ್ಲೇ ಉಳಿದವರ ಪ್ರಮಾಣ ಹೆಚ್ಚಿರಬೇಕಿತ್ತು. ಅಂದರೆ ಒಂದು ಕಡೆಯವರಿಗೆ ಬಾಗಿಲು ಅಗಲ, ಇನ್ನೊಂದು ಕಡೆಯವರಿಗೆ ಕಿರಿದು. ಕಾರಣ ಹುಡುಕಿದರೆ, ಯಾವ ಲೈನಿಗೆ ಜನ ಬೇಕೋ ಆ ಲೈನಿನ ಸೂಪರ್‌ವೈಸರೇ ಟೆಸ್ಟ್ ಮಾಡುತ್ತಿದ್ದರು, ಮತ್ತು ಕರೆತಂದ ಟೈಲರ್ ಪಕ್ಕದಲ್ಲೇ ನಿಂತಿರುತ್ತಿದ್ದರು.

ಈಗ ಹೊಲಿದ ಮಾದರಿ ಬಟ್ಟೆಗೆ ಟೋಕನ್ ಸಂಖ್ಯೆಯ ಚೀಟಿಯನ್ನು ಮಾತ್ರ ಪಿನ್ ಮಾಡುತ್ತೇವೆ. ಬೇರೆ ಲೈನಿನ ಸೂಪರ್‌ವೈಸರ್ ಹೊಲಿಗೆಯ ನೇರ, ಟೆನ್ಷನ್, ಕಾಲರ್ ತುದಿ ನೋಡಿ ಅಂಕ ಹಾಕುತ್ತಾರೆ. ಕರೆತಂದವರ ಹೆಸರಿನ ಹಾಳೆ ನನ್ನ ಟೇಬಲ್ಲಿನಲ್ಲಿರುತ್ತದೆ, ಫಲಿತಾಂಶ ಬರೆದ ಮೇಲಷ್ಟೇ ಅದನ್ನು ತೆರೆದು ನೋಡುತ್ತೇವೆ. ಟೆಸ್ಟ್ ಪಾಸಾದವರ ಮತ್ತು 90 ದಿನ ಉಳಿದವರ ಅನುಪಾತಗಳನ್ನು ನೀವು ಮೂರು ತಿಂಗಳಿಗೊಮ್ಮೆ ಪಕ್ಕಪಕ್ಕ ಇಟ್ಟು ನೋಡಲೇಬೇಕು.

ಪ್ರತಿ ಹತ್ತು ಖಾಲಿ ಸ್ಥಾನಗಳಲ್ಲಿ ಕನಿಷ್ಠ ನಾಲ್ಕನ್ನು ಪರಿಚಯವಿಲ್ಲದೆ ಬಂದವರಿಗೆ ಮೀಸಲಿಡಿ: ಗ್ರಾಮ ಪಂಚಾಯಿತಿ ಬೋರ್ಡ್, ಸ್ತ್ರೀಶಕ್ತಿ ಸಂಘಗಳು, ಐ.ಟಿ.ಐ., ಬಸ್ ನಿಲ್ದಾಣದ ಪೋಸ್ಟರ್. ಒಂದು ಲೈನಿನಲ್ಲಿ ಒಂದೇ ಊರಿನವರು ಮೂರನೇ ಒಂದು ಭಾಗ ಮೀರದಂತೆ ಹಂಚಿ. ಒಂದೇ ಕಾರ್ಯಾಚರಣೆಯಲ್ಲಿ, ಉದಾಹರಣೆಗೆ ಕಾಲರಿನಲ್ಲಿ, ಇನ್ನೂ ಕಡಿಮೆ. ಆದರೆ ಈ ಲೆಕ್ಕಕ್ಕಾಗಿ ಯಾರ ಜಾತಿ, ಧರ್ಮವನ್ನೂ ಕೇಳಿ ಬರೆದುಕೊಳ್ಳಬೇಡಿ. ಊರು ಅಥವಾ ಬಡಾವಣೆ, ಬರುವ ಬಸ್ಸಿನ ದಾರಿ, ಹೆಣ್ಣೋ ಗಂಡೋ, ಯಾರ ಮೂಲಕ ಬಂದರು ಎಂಬ ನಾಲ್ಕು ಕಾಲಂಗಳೇ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟನ್ನು ಹೇಳುತ್ತವೆ.

ಈ ಯೋಜನೆಗೆ ಒಂದು ಮಿತಿಯೂ ಇದೆ. ಆಜಾದ್ ನಗರದಿಂದ ನಮ್ಮಲ್ಲಿಗೆ ಒಬ್ಬ ಹೆಣ್ಣುಮಗಳೂ ಬರುತ್ತಿರಲಿಲ್ಲ, ಹೊಲಿಗೆ ಬಲ್ಲವರು ಅಲ್ಲಿ ಎಷ್ಟೋ ಜನರಿದ್ದರೂ. ಪೋಸ್ಟರ್ ಹಾಕಿದೆವು, ಯಾರೂ ಬರಲಿಲ್ಲ. ಆಮೇಲೆ ಅಲ್ಲಿಗೆ ಹೋಗಿ ಕೇಳಿದಾಗ ಒಬ್ಬರು ಹೇಳಿದ ಮಾತು, "ನಮ್ಮೋರು ಯಾರೂ ಒಳಗಿಲ್ಲ, ಸಂಜೆ ವಾಪಸ್ ಬರೋಕೆ ಗಾಡೀನೂ ಇಲ್ಲ." ಕಂಪನಿಯ ವ್ಯಾನಿನ ದಾರಿಯನ್ನು ಆ ಕಡೆಗೆ ತಿರುಗಿಸಿದ ಮೇಲೆ ಮೊದಲು ಇಬ್ಬರು ಸೇರಿದರು, ಆರು ತಿಂಗಳಲ್ಲಿ ಆ ಇಬ್ಬರು ಇನ್ನೂ ಐವರನ್ನು ಕರೆತಂದರು. ಒಳಗೆ ಒಬ್ಬರೂ ಇಲ್ಲದ ಕಡೆ ಕರೆತಂದವರಿಗೆ ಎಷ್ಟು ಹಣವಿಟ್ಟರೂ ಪ್ರಯೋಜನವಿಲ್ಲ. ಮೊದಲ ಇಬ್ಬರನ್ನು ಕಂಪನಿಯೇ ಹೋಗಿ ಕರೆತರಬೇಕು.

ನಿಮ್ಮಲ್ಲಿ ಈಗಾಗಲೇ ಬಾಯಿಮಾತಿನಲ್ಲಿ ಯಾರಿಗಾದರೂ ಹಣ ಹೇಳಿದ್ದರೆ, ಹೊಸ ನಿಯಮದ ಹಾಳೆ ಅಂಟಿಸುವ ಮೊದಲು ಅದನ್ನು ಪೂರ್ತಿ ಕೊಟ್ಟು ಮುಗಿಸಿ. ನಾವು ಹಳೆಯ ಬಾಕಿಯನ್ನು ಹೊಸ ಕಂತುಗಳಿಗೆ ಸೇರಿಸಲು ಹೋಗಿ, ಎರಡು ತಿಂಗಳು ಯಾರೂ ಒಂದು ಹೆಸರನ್ನೂ ಕೊಡಲಿಲ್ಲ.