ಸಿರಿಧಾನ್ಯದ ಪೊಟ್ಟಣದ ಮೇಲೆ ಯಾವ ಕಥೆ ಬರೆಯಬೇಕು?

ಪ್ರಶ್ನೆ: ನಮ್ಮ ಮಹಿಳಾ ರೈತ ಸಂಘ ಸಾಮೆ, ನವಣೆಯನ್ನು ಬೆಂಗಳೂರಿನ ಮನೆಗಳಿಗೆ ನೇರವಾಗಿ ಮಾರುತ್ತಿದೆ. ನಮ್ಮ ಬ್ರ್ಯಾಂಡ್ ಕಥೆಯಲ್ಲಿ ಏನಿರಬೇಕು?

ಉತ್ತರ:

ಕಾಳಿನ ಸಿಪ್ಪೆಯನ್ನು ಯಾವಾಗ, ಎಷ್ಟರ ಮಟ್ಟಿಗೆ ತೆಗೆದಿರಿ ಎಂಬುದನ್ನೇ ಕಥೆ ಮಾಡಿ. ಮಹಿಳಾ ಸಬಲೀಕರಣದ ಮಾತು ಎಲ್ಲ ಪೊಟ್ಟಣಗಳ ಮೇಲೂ ಇರುತ್ತದೆ. ಕೊಳ್ಳುವವರು ಅದನ್ನು ಓದುವುದೂ ಇಲ್ಲ.

ಸಾಮೆಯ ಗಟ್ಟಿ ಸಿಪ್ಪೆಯ ಒಳಗೆ ಎಣ್ಣೆಯಂಶವಿರುವ ತೌಡಿನ ಪದರವಿದೆ. ಸಿಪ್ಪೆ ಇರುವವರೆಗೆ, ಚೆನ್ನಾಗಿ ಒಣಗಿಸಿಟ್ಟ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಸಿಪ್ಪೆ ತೆಗೆದೊಡನೆ ತೌಡಿಗೆ ಗಾಳಿ ತಗಲುತ್ತದೆ, ಕೆಲವು ತಿಂಗಳಲ್ಲಿ ಸಾಮೆ ಅಕ್ಕಿ ಕಮಟು ವಾಸನೆ ಹಿಡಿಯುತ್ತದೆ. ಅಂಗಡಿಯಲ್ಲಿ ಬಹುಕಾಲ ಕೂರಬೇಕಾದ ಸರಕಿಗೆ ಇದು ತೊಡಕು. ಆದ್ದರಿಂದಲೇ ಅದನ್ನು ಹೆಚ್ಚಾಗಿ ಪಾಲಿಶ್ ಮಾಡುತ್ತಾರೆ. ತೌಡಿನೊಂದಿಗೆ ನಾರಿನಂಶವೂ ಹೋಗುತ್ತದೆ. ನೇರವಾಗಿ ಮಾರುವ ನೀವು ಕಾಳನ್ನು ಸಿಪ್ಪೆಸಹಿತ ಕೂಡಿಟ್ಟು, ಬೇಡಿಕೆ ಬಂದಷ್ಟನ್ನೇ ಗಿರಣಿಗೆ ಹಾಕಬಹುದು.

ಹೀಗೆ ಬರೆಯಬಹುದು: ‘ಈ ಸಾಮೆಯನ್ನು ನಮ್ಮ ಸಂಘದ ಹೆಂಗಸರು ಬೆಳೆದು, ಒಣಗಿಸಿದ್ದಾರೆ. ಸಿಪ್ಪೆ ತೆಗೆದ ದಿನಾಂಕ ಕೆಳಗಿದೆ. ಪಾಲಿಶ್ ಮಾಡಿಲ್ಲ, ಆದ್ದರಿಂದ ಬಣ್ಣ ಮಾಸಲು. ತಂಪಾದ ಜಾಗದಲ್ಲಿ ಮುಚ್ಚಿಡಿ, ಬೇಗ ಬಳಸಿ.’

ದಿನಾಂಕ ಬರೆಯದಿದ್ದರೆ ಮಿಕ್ಕದ್ದು ಜಾಹೀರಾತಷ್ಟೇ. ಕಳುಹಿಸುವ ಮುನ್ನ ಒಂದು ಹಿಡಿ ತಟ್ಟೆಯಲ್ಲಿ ಹರಡಿ ನೋಡಿ: ಅಲ್ಲಲ್ಲಿ ಸಿಪ್ಪೆ ಬಿಡದ ಕಾಳು ಸಿಕ್ಕೀತು, ಅದನ್ನೂ ಬರೆದುಬಿಡಿ. ಕಲ್ಲು ಸಿಕ್ಕರೆ ಮಾತ್ರ ಮತ್ತೆ ಜರಡಿ ಹಿಡಿಯಲೇಬೇಕು. ರಾಗಿಗೆ ಈ ಕಥೆ ಹೊಂದದು, ಅದಕ್ಕೆ ಇಂಥ ಗಟ್ಟಿ ಸಿಪ್ಪೆಯೇ ಇಲ್ಲ.