ಚಿಂತಿಗೆ ಸಂಜಿ ಆರರ ಟೈಮ್

ಸಂಪಾದಕರಿಗೆ ನಮಸ್ಕಾರ. ಮಗಳು ಬೆಳಗಾವಿಯೊಳಗ ಹಾಸ್ಟೆಲ್‌ನ್ಯಾಗ ಇದ್ದು ಓದಾಕತ್ತಾಳ. ಆಕಿ ಫೋನ್ ಎತ್ತಲಿಲ್ಲಂದ್ರ ನನ್ನ ಕೈಕಾಲ ಆಡೂದಿಲ್ಲ. ಅದು ಮುಗೀತಂದ್ರ ಮನಿಯವರ ಶುಗರ್, ಅದಾತಂದ್ರ ಕಬ್ಬಿನ ಬಿಲ್. ವರ್ಷದ ಮ್ಯಾಲಾತು, ನಿದ್ದಿ ಇಲ್ಲ, ಕುತ್ತಿಗಿ ಭುಜ ಬಿಗದಿರ್ತಾವ. ಡಾಕ್ಟರು ಜಿಎಡಿ, ಅಂದ್ರ ಎಲ್ಲಾದಕ್ಕೂ ಬಿಡದ ಚಿಂತಿ ಕಾಡೂ ಕಾಯಿಲೆ, ಅಂದ್ರು, ಗುಳಿಗಿ ಕೊಟ್ರು, ‘ಚಿಂತಿ ಮಾಡಾಕ ದಿನಾ ಒಂದು ಟೈಮ್ ಇಟ್ಕೋರಿ’ ಅಂದ್ರು. ಚಿಂತಿ ಏನ್ ಟೈಮ್ ನೋಡಿ ಬರ್ತೈತೇನ್ರಿ?
— ಒಬ್ಬ ಓದುಗಿ, ಬಾಗಲಕೋಟೆ

ಅಕ್ಕಾರ, ಟೈಮ್ ನೋಡಿ ಬರೂದಿಲ್ರಿ. ಬರೂದು ನಿಮ್ಮ ಕೈಯಾಗಿಲ್ಲ. ಆದ್ರ ಬಂದ ಚಿಂತಿ ಜೋಡಿ ಯಾವಾಗ ಕೂಡಬೇಕು ಅನ್ನೂದು ರೂಢಿ ಮಾಡಿದ್ರ ಹಗೂರಕ ಕೈಗೆ ಬರ್ತೈತಿ, ಡಾಕ್ಟರು ಹೇಳಿದ್ದು ಅದನ್ನ. ಇದು ಅವರು ಅವತ್ತ ಬಾಯಿಗೆ ಬಂದಂಗ ಹೇಳಿದ್ದೂ ಅಲ್ಲ, 1983ರಾಗ ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯ ಥಾಮಸ್ ಬೋರ್ಕೊವೆಕ್ ಮತ್ತ ಅವರ ಜೋಡಿದವರು ಇದನ್ನ ಮಾಡಿಸಿ ನೋಡಿ ಬರದಿದ್ರು. ಅವರ ಲೆಕ್ಕ ಏನಂದ್ರ, ಅಡಿಗಿಮನಿ, ಹಾಸಿಗಿ, ಬಸ್ಸು, ಎಲ್ಲಾ ಕಡೆ ಚಿಂತಿ ಮಾಡಿ ಮಾಡಿ ಆ ಜಾಗಾ ಎಲ್ಲಾ ಚಿಂತಿ ಜೋಡಿ ಗಂಟು ಬಿದ್ದಿರ್ತಾವ, ಅಲ್ಲಿ ಹೋಗಿ ಕುಂತ್ರ ಸಾಕು ಶುರು ಆಗ್ತೈತಿ. ಅದಕ್ಕ ಚಿಂತಿಗೆ ಒಂದ ಜಾಗಾ, ಒಂದ ಹೊತ್ತು ಕೊಟ್ಟು ಉಳಿದ ಕಡೆಯಿಂದ ಬಿಡಿಸ್ಕೋಬೇಕು.

ಆದ್ರ ನಿಮ್ಮ ಪತ್ರ ಓದಿದ ಮ್ಯಾಲ ಅದಕ್ಕಿಂತ ಮೊದಲ ಇನ್ನೊಂದು ಹೇಳಬೇಕು ಅನಸ್ತು. 1990ರ ದಶಕದಾಗ ಕೆನಡಾದ ಕ್ವಿಬೆಕ್‌ನ ಮನಶಾಸ್ತ್ರಜ್ಞರಾದ ಮಿಷೆಲ್ ಡುಗಾ, ರಾಬರ್ಟ್ ಲಾಡುಸ್ಯೂರ್ ಅವರೆಲ್ಲಾ ಕೂಡಿ ಜಿಎಡಿ ಇದ್ದವರನ್ನ ನೋಡಿ ಏನಂದ್ರು ಅಂದ್ರ, ಇವರಿಗೆ ಕೆಟ್ಟದ್ದು ಆಗೂದಕ್ಕಿಂತ ‘ಏನಾಗ್ತೈತೋ ಗೊತ್ತಿಲ್ಲ’ ಅನ್ನೂದನ್ನ ತಾಳೂದ ಜಾಸ್ತಿ ಕಷ್ಟ. ಫೋನ್ ಎತ್ತಲಿಲ್ಲ ಅಂದ್ರ ಬ್ಯಾರೇದವರು ‘ಕ್ಲಾಸಿನ್ಯಾಗ ಇರಬೇಕು’ ಅಂದ್ಕೊಂಡು ಬಿಡ್ತಾರ, ಅವರಿಗೂ ಖರೆ ಗೊತ್ತಿರೂದಿಲ್ಲ, ಗೊತ್ತಿಲ್ಲದ ಇರಾಕ ಅವರಿಗೆ ಆಗ್ತೈತಿ ಅಷ್ಟ. ನಿಮಗ ಆ ಗೊತ್ತಿಲ್ಲದ್ದ ಅಪಾಯ ಅನಸ್ತೈತಿ. ಹಿಂಗಾಗಿ ನೀವು ಏನ್ ಮಾಡ್ತಿರಬೇಕು ಅಂತ ನಾ ಊಹೆ ಮಾಡ್ತೀನಿ, ತಪ್ಪಿದ್ರ ಬಿಟ್ಟುಬಿಡ್ರಿ: ಮತ್ತೊಮ್ಮೆ ಫೋನ್, ಆಮ್ಯಾಲ ರೂಮ್‌ಮೇಟ್‌ಗೆ ಫೋನ್, ಆಮ್ಯಾಲ ವಾಟ್ಸಾಪ್ ತಗದು ಲಾಸ್ಟ್ ಸೀನ್ ನೋಡೂದು. 10:52 ಅಂತ ಇದ್ರ ಉಸಿರು ಬರ್ತೈತಿ, ಅರಾಮ ಅನಸ್ತೈತಿ, ಹನ್ನೊಂದೂಕಾಲಕ್ಕ ‘10:52 ಆದಮ್ಯಾಲ ಏನಾತು’ ಅಂತ ಮತ್ತ ಶುರು. ಖಾತ್ರಿ ಸಿಕ್ಕಷ್ಟೂ ಸಾಲದು. ನೋಡಿದಾಗೊಮ್ಮೆ ಮನಸು ಕಲಿಯೂದು ‘ನೋಡಿದ್ದಕ್ಕ ಉಳದೆ’ ಅಂತ, ನೋಡದಿದ್ರೂ ಏನೂ ಆಗ್ತಿರಲಿಲ್ಲ ಅಂತ ಕಲಿಯಾಕ ಅದಕ್ಕ ಚಾನ್ಸ ಸಿಗೂದಿಲ್ಲ. ಚಿಂತಿ ಮುಂದೂಡೂದು ಈ ಚಾನ್ಸ್ ಕೊಡ್ತೈತಿ, ಗೊತ್ತಿಲ್ಲದ್ದನ್ನ ಕೆಲವು ತಾಸು ಹಂಗ ತೆರದಿಟ್ಟು ಇರೂದು ಅಂದ್ರ ಹ್ಯಾಂಗ ಅಂತ ತೋರಸ್ತೈತಿ.

ಒಂದು ದಿನದ ಲೆಕ್ಕ ತಗೋರಿ. ಬೆಳಿಗ್ಗೆ ಹನ್ನೊಂದು, ನೀವು ರೊಟ್ಟಿ ಬಡಿಯಾಕತ್ತೀರಿ, ಮಗಳು ಫೋನ್ ಎತ್ತಲಿಲ್ಲ, ಹೊಟ್ಟ್ಯಾಗ ಕಲಸಿದಂಗಾತು. ಅಡಿಗಿಮನಿ ಕಟ್ಟಿ ಮ್ಯಾಲ ಒಂದು ಸಣ್ಣ ನೋಟ್‌ಬುಕ್ ಇಟ್ಟಿರ್ರಿ, ಅದರಾಗ ಒಂದ ಸಾಲು: ‘11:05, ಮಗಳು ಫೋನ್ ಎತ್ತಲಿಲ್ಲ, ಆಕ್ಸಿಡೆಂಟ್ ಆಗಿರಬೇಕು’. ಅಷ್ಟ. ಎರಡನೇ ಸಾಲು ಬರದ್ರಿ ಅಂದ್ರ ಚಿಂತಿ ಅಲ್ಲೇ ಶುರು ಆತು. ‘ಸಂಜಿ ಆರಕ್ಕ ನೋಡೂಣು’ ಅಂತ ಹೇಳ್ಕೊಂಡು ಕೈಯಾಗಿನ ಕೆಲಸಕ್ಕ ಬರ್ರಿ, ಬರೂದು ಅಂದ್ರ ಖರೇನ ಬರೂದು, ಹಂಚಿನ ಮ್ಯಾಲಿನ ರೊಟ್ಟಿಗೆ ನೀರ ಬಟ್ಟಿ ಸವರಿದಾಗ ಅಂಚು ಎಲ್ಲಿ ಏಳ್ತೈತಿ ನೋಡೂದು, ಬಡಿಯೂ ಸಪ್ಪಳ ಕೇಳೂದು. ಮೂರು ನಿಮಿಷಕ್ಕ ಮತ್ತ ಅದ ಚಿಂತಿ ಬರ್ತೈತಿ. ಮತ್ತ ‘ಆರಕ್ಕ’ ಅನ್ರಿ. ಮೊದಲ ವಾರ ಒಂದು ದಿನದಾಗ ಎಷ್ಟು ಸಲ ಅನ್ನಬೇಕಾಗ್ತೈತೋ, ಬ್ಯಾಸರ ಬರೂ ಅಷ್ಟು. ಅದು ಸೋಲಲ್ಲ, ಕೆಲಸ ನಡದದ್ದ ಹಂಗ.

ಆರು ಗಂಟೆಗೆ ಹಿತ್ತಲದಾಗ ಒಂದು ಖುರ್ಚಿ ಹಾಕ್ಕೊಂಡು ಕೂಡ್ರಿ. ದಿನಾ ಅದ ಖುರ್ಚಿ, ಅದ ಹೊತ್ತು, ಅರ್ಧ ತಾಸಿಗೆ ಅಲಾರಾಂ. ಹಾಸಿಗಿ ಮ್ಯಾಲ ಬ್ಯಾಡ, ಮಲಗೂ ಹೊತ್ತಿಗಂತೂ ಬ್ಯಾಡ, ಆಗ ಮಾಡಿದ್ರ ನಿದ್ದಿಗೆ ಇನ್ನೊಂದು ಕಾಟ. ನೋಟ್‌ಬುಕ್ ತಗದು ಒಂದೊಂದ ಸಾಲು ಓದ್ರಿ. ಓದಿದಾಗ ಎರಡು ನಮೂನಿ ಕಾಣ್ತಾವ. ಕಬ್ಬಿನ ಬಿಲ್ ಬಂದಿಲ್ಲ ಅನ್ನೂದು ಇವತ್ತಿನ ತ್ರಾಸು, ಅದಕ್ಕ ಮಾಡೂ ಕೆಲಸ ಐತಿ: ನಾಳೆ ಹತ್ತಕ್ಕ ಫ್ಯಾಕ್ಟರಿ ಆಫೀಸಿಗೆ ಯಾರು ಫೋನ್ ಮಾಡೂದು, ಏನ್ ಕೇಳೂದು ಅಂತ ಬರದು ಮುಂದಿನ ಸಾಲಿಗೆ ಹೋಗ್ರಿ. ‘ಆಕ್ಸಿಡೆಂಟ್ ಆಗಿದ್ರ’ ಅನ್ನೂದಕ್ಕ ಮಾಡೂ ಕೆಲಸ ಏನೂ ಇಲ್ಲ, ಅಲ್ಲಿ ಬ್ಯಾರೆ ದಾರಿ. ಆಗಿದ್ದು ಏನು ಅಂತ ಅದರ ಪಕ್ಕದಾಗ ಬರೀರಿ: ‘1:40ಕ್ಕ ಆಕೀನ ಫೋನ್ ಮಾಡಿದ್ಲು, ಲ್ಯಾಬಿನ್ಯಾಗ ಇದ್ದಳಂತ, ಫೋನ್ ಬ್ಯಾಗಿನ್ಯಾಗಿತ್ತಂತ’. ಇನ್ನೂ ಏನಾತು ಅಂತ ತಿಳಿದಿಲ್ಲಂದ್ರ ‘ಗೊತ್ತಿಲ್ಲ’ ಅಂತ ಬರದು ಹಂಗ ಬಿಡ್ರಿ. ಹಂಗ ಬಿಡೂದ ಇದರಾಗಿನ ಕಠಿಣ ಭಾಗ, ಉಳದದ್ದೆಲ್ಲಾ ಸೋವಿ. ಬರದದ್ದು ಇಪ್ಪತ್ತು ನಿಮಿಷಕ್ಕ ಮುಗೀತಂದ್ರ ಎದ್ದು ಹೋಗ್ರಿ, ಅರ್ಧ ತಾಸು ತುಂಬಸಾಕ ಹೊಸಾ ಚಿಂತಿ ಹುಡುಕಬ್ಯಾಡ್ರಿ (ಹಂಗ ಮಾಡೂ ಮಂದಿನೂ ಅದಾರ್ರಿ, ಶಾಣ್ಯಾ ಮಂದಿ). ಅಲಾರಾಂ ಆದಮ್ಯಾಲ ಉಳದದ್ದು ನಾಳೆ ಆರಕ್ಕ.

ಎಲ್ಲಿ ಕೆಡ್ತೈತಿ ಅಂದ್ರ, ಮೊದಲನೇದು ‘ಚಿಂತಿ ಮಾಡಬಾರದು’ ಅಂತ ತಿಳ್ಕೊಳ್ಳೂದು. ಮನಸ್ಸಿನ್ಯಾಗ ಬರಬ್ಯಾಡ ಅಂತ ಒತ್ತಿದಷ್ಟೂ ಜಾಸ್ತಿ ಬರ್ತೈತಿ. ಬರಾಕ ಬಿಡ್ರಿ, ಕೂಡಾಕ ಆರಕ್ಕ ಕರೀರಿ. ಎರಡನೇದು ಆರು ಗಂಟೆಯ ಆ ಖುರ್ಚಿ ಮ್ಯಾಲ ಕುಂತು ಮಗಳಿಗೆ ಫೋನ್ ಹಚ್ಚೂದು, ರಿಪೋರ್ಟ್ ಹಿಡಕೊಂಡು ಗೂಗಲ್ ಮಾಡೂದು. ಆ ಅರ್ಧ ತಾಸು ಖಾತ್ರಿ ಮಾಡ್ಕೊಳ್ಳಾಕ ಇದ್ದದ್ದಲ್ಲ. ಮಗಳ ಜೋಡಿ ಮಾತಾಡಿ ರಾತ್ರಿ ಎಂಟೂವರಿಗೆ ದಿನಾ ಒಂದ ಕಾಲ್ ಅಂತ ಗೊತ್ತು ಮಾಡ್ಕೋರಿ, ನಡುವ ಆಕೀಗೆ ಬೇಕಾದ್ರ ಆಕೀನ ಮಾಡಲಿ. ಲಾಸ್ಟ್ ಸೀನ್ ನೋಡೂದನ್ನ ಒಮ್ಮೆಲೇ ಬಿಡಾಕ ಆಗದಿದ್ರ ಮಧ್ಯಾಹ್ನದ ತನಕ ನೋಡೂದಿಲ್ಲ ಅಂತ ಶುರು ಮಾಡ್ರಿ. ಗೊತ್ತಿಲ್ಲದ್ದನ್ನ ತಾಳೂದು ರೂಢಿ ಮಾಡಾಕ ಇನ್ನೂ ಸಣ್ಣದು ಬೇಕಂದ್ರ ಈ ವಾರದ ಸಂತಿಗೆ ಚೀಟಿ ಬರದು ಕೊಡದ ಮನಿಯವರನ್ನ ಕಳಸ್ರಿ. ಏನ್ ತರ್ತಾರೋ, ಬದನಿಕಾಯಿ ಹುಳುಕು ತಂದ್ರೂ ತರ್ತಾರ, ತಂದ್ರ ಏನ್ ಮಾಡಿದ್ರಿ ಅಂತ ಬರದಿಡ್ರಿ.

ಮುಂದೂಡಬಾರದ್ದೂ ಅದಾವ. ಮನಿಯವರು ಬೆವತು, ಕೈ ನಡುಗಿ, ಮಾತು ತೊದಲಿದ್ರ ಅದು ಶುಗರ್ ಇಳದದ್ದಿರಬಹುದು, ಆಗ ನೋಟ್‌ಬುಕ್ ಅಲ್ಲ, ಮೈಮ್ಯಾಲ ಎಚ್ಚರ ಇದ್ರ ಸಕ್ರಿ ನೀರು ಕುಡಿಸಿ ದವಾಖಾನಿ ನೋಡ್ರಿ.

ಚಿಂತಿ ಪೂರಾ ನಿಂತೈತೋ ಇಲ್ಲೋ ಅಂತ ಅಳಿಯಬ್ಯಾಡ್ರಿ. ಕೆಲವು ವಾರ ಆದಮ್ಯಾಲ ನೋಟ್‌ಬುಕ್ ತಿರುವಿದ್ರ, ಹನ್ನೊಂದಕ್ಕ ಎದಿ ಒಡೀತಿದ್ದ ಸಾಲು ಆರಕ್ಕ ಓದಾಕ ಬ್ಯಾಸರ ಆಗ್ತೈತಾ, ‘ಆರಕ್ಕ’ ಅಂದಮ್ಯಾಲ ಕೆಲಸಕ್ಕ ಲಗೂನ ಬರಾಕತ್ತೀರಾ, ಅದನ್ನ ನೋಡ್ರಿ. ಅದ್ಯಾವದೂ ಇಲ್ಲಂದ್ರ ಈ ಟೆಕ್ನಿಕ್ ಒಂದ ನಿಮಗ ಸಾಲೂದಿಲ್ಲ ಅಂತ ಅರ್ಥ. ಜಿಎಡಿಗೆ ಸಿಬಿಟಿ ಅಂತ, ವಿಚಾರ ಮಾಡೂ ರೀತಿ, ನಡಕೊಳ್ಳೂ ರೀತಿ ಬದಲಿಸೂ ಪೂರಾ ಥೆರಪಿ ಐತಿ, ಇದು ಅದರಾಗಿನ ಒಂದು ತುಂಡು. ಗುಳಿಗಿ ಮಾತ್ರ ಅರಾಮ ಅನಿಸಿತು ಅಂತ ನೀವ ನಿಲ್ಲಸಬ್ಯಾಡ್ರಿ, ಕೊಟ್ಟವರನ್ನ ಕೇಳ್ರಿ, ಥೈರಾಯ್ಡ್ ಟೆಸ್ಟ್ ಮಾಡಿಸಿಲ್ಲಂದ್ರ ಅದನ್ನೂ ಒಮ್ಮೆ ಕೇಳ್ರಿ, ಯಾಕಂದ್ರ ಅದರಾಗ ಏರುಪೇರಾದ್ರೂ ಹಿಂಗ ಎದಿ ಹೊಡಕೊಳ್ತೈತಿ. ಥೆರಪಿಗೆ ನಮ್ಮ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯದ ದವಾಖಾನಿ ಡಿಮ್ಹಾನ್ಸ್ ದೂರ ಏನಲ್ಲ. ರಾತ್ರಿ ಎರಡಕ್ಕ ಎದ್ದು ಕುಂತು ತಾಳಲಾರದಂಗ ಆದ್ರ ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಹಚ್ರಿ, ಕನ್ನಡದಾಗ ಮಾತಾಡ್ತಾರ, ದುಡ್ಡಿಲ್ಲ.